ಸೈಕ್ಲಿಂಗ್ ಶಾರ್ಟ್ಸ್: ಎಲ್ ಹಾಕಿದರೆ ತೊಡೆ ಉರಿ, ಎಂ ಹಾಕಿದರೆ ಉಸಿರುಗಟ್ಟು

ನವಲೂರು_ಸವಾರ: ನನ್ನ ಪ್ಯಾಂಟಿನ ಅಳತೆ 34 ಎಂದು ಎಲ್ ಸೈಜಿನ ಪ್ಯಾಡ್ ಶಾರ್ಟ್ಸ್ ತರಿಸಿದೆ. ಹುಬ್ಬಳ್ಳಿಯಿಂದ ಗದಗಿನ ದಾರಿ ಹಿಡಿದು ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ಒಳತೊಡೆ ಕೆಂಪಾಗಿ ಉರಿಯತೊಡಗಿತು. ಅಂಗಡಿಯಲ್ಲಿ ಎಂ ಹಾಕಿ ನಿಂತರೆ ಹೊಟ್ಟೆ ಹಿಂಡಿದಂತಾಗುತ್ತದೆ. ಬದಲಾಯಿಸಿಕೊಳ್ಳಲು ನಾಲ್ಕೇ ದಿನ ಉಳಿದಿವೆ, ಏನು ಮಾಡಲಿ?

ಹಳಿಯಾಳ_ರಸ್ತೆ: ಶಾರ್ಟ್ಸ್ ಬಿಡಿ, ಸೀಟು ನೋಡಿ. ಸೀಟು ಎತ್ತರವಾಗಿದ್ದರೆ ಪೆಡಲ್ ಮುಟ್ಟಲು ಸೊಂಟ ಎಡಬಲಕ್ಕೆ ಜಾರಿ, ತೊಡೆ ಉಜ್ಜಿಯೇ ಉಜ್ಜುತ್ತದೆ.

ಗದಗ_ಓಟಗಾರ: ಬಿಗಿಯಾದಷ್ಟೂ ಒಳ್ಳೆಯದೆಂದು ನಾನು ಮೀನಖಂಡಕ್ಕೆ ಹಾಕುವ ಕಂಪ್ರೆಶನ್ ಸ್ಲೀವನ್ನು ಒಂದು ಸೈಜ್ ಚಿಕ್ಕದು ಕೊಂಡೆ. ಐದಾರು ಕಿಲೋಮೀಟರಿಗೆ ಪಾದ ಜುಮುಗುಟ್ಟಿತು. ನೀವು ಎಲ್ ಅನ್ನೇ ಇಟ್ಟುಕೊಳ್ಳಿ.

ಸಾಧನಕೇರಿ_ಪೆಡಲ್: ಓಟಗಾರರೇ, ನಿಮ್ಮ ಅನುಭವ ನಿಜ, ಆದರೆ ಅದು ಬೇರೆ ಉಡುಪು. ಕಂಪ್ರೆಶನ್ ಬಟ್ಟೆಯ ಸೈಜನ್ನು ಮೀನಖಂಡದ ದಪ್ಪ ಭಾಗದ ಸುತ್ತಳತೆಗೆ ತಕ್ಕಂತೆ ನಿಗದಿಪಡಿಸಿರುತ್ತಾರೆ, ಬೇಕಾದ ಬಿಗಿ ಅದರಲ್ಲೇ ಸೇರಿರುತ್ತದೆ. ಇನ್ನೂ ಇಳಿಸಿದರೆ ಜೋಮು ಹಿಡಿಯುತ್ತದೆ. ಶಾರ್ಟ್ಸಿನಲ್ಲಿ ಮುಖ್ಯವಾದದ್ದು ಪ್ಯಾಡ್ ಮೈಯೊಂದಿಗೇ ಚಲಿಸಬೇಕೆಂಬುದು. ಸವಾರರೇ, ಪ್ಯಾಂಟಿನ ಚೀಟಿಯ ಸಂಖ್ಯೆಯನ್ನು ನಂಬಬೇಡಿ, ಟೇಪ್ ಹಿಡಿದು ಸೊಂಟವನ್ನೂ ಪೃಷ್ಠದ ಅತಿ ಅಗಲವಾದ ಭಾಗವನ್ನೂ ಅಳೆಯಿರಿ. ಒಳಗೆ ಚಡ್ಡಿ ಹಾಕಿದ್ದಿರಾ?

ನವಲೂರು_ಸವಾರ: ಹೌದು, ಹತ್ತಿಯ ಚಡ್ಡಿ. ಅದನ್ನು ಹೇಳಬೇಕೆಂದು ತೋಚಲಿಲ್ಲ. ಸೊಂಟ 91 ಸೆಂ.ಮೀ., ಪೃಷ್ಠ 97. ಸೈಜ್ ಪಟ್ಟಿಯ ಪ್ರಕಾರ ಸೊಂಟ ಎಲ್‌ಗೆ, ಪೃಷ್ಠ ಎಂಗೆ ಬೀಳುತ್ತದೆ.

ಹಳಿಯಾಳ_ರಸ್ತೆ: ಆದರೂ ಸೀಟು ಅರ್ಧ ಸೆಂಟಿಮೀಟರ್ ಇಳಿಸಿ ನೋಡಿ.

ಸಾಧನಕೇರಿ_ಪೆಡಲ್: ಸೀಟಿನ ವಿಷಯ ಸರಿಯಿರಬಹುದು ಸರ್, ಆದರೆ ಮೊದಲು ಚಡ್ಡಿ ಹೋಗಬೇಕು. ಬೆವರಿನಿಂದ ನೆನೆದ ಹತ್ತಿಯೂ ಅದರ ಹೊಲಿಗೆಯೂ ಚರ್ಮ ಮತ್ತು ಪ್ಯಾಡಿನ ನಡುವೆ ಸಿಕ್ಕಿ ಉಜ್ಜುತ್ತವೆ. ಅದಿಲ್ಲದೆ ಎಲ್ ಹಾಕಿಕೊಂಡು ಸೈಕಲ್ ಮೇಲೆ ಕೂತು, ಹ್ಯಾಂಡಲ್ ಹಿಡಿದು ಬಾಗಿ. ತೊಡೆಸಂದಿನಲ್ಲಿ ಪ್ಯಾಡ್ ಮಡಿಕೆ ಬಿದ್ದರೆ, ಅಥವಾ ಎರಡು ಬೆರಳಲ್ಲಿ ಎಳೆದಾಗ ಮೈ ಬಿಟ್ಟು ಬಂದರೆ, ಅದು ದೊಡ್ಡದು. ಎಂ ಹಾಕಿಯೂ ಹೀಗೇ ಬಾಗಿ ನೋಡಿ: ನಿಂತಾಗಿನ ಬಿಗಿಯನ್ನು ಲೆಕ್ಕಿಸಬೇಡಿ, ಏಕೆಂದರೆ ಇದನ್ನು ಬಾಗಿದ ಮೈಗೆಂದೇ ಕತ್ತರಿಸಿರುತ್ತಾರೆ. ಬಾಗಿದಾಗ ಹಿಂಭಾಗದ ಬಟ್ಟೆ ತೆಳುವಾಗಿ ಚರ್ಮ ಕಾಣಿಸಿದರೆ, ಅಥವಾ ತೊಡೆಯ ಪಟ್ಟಿ ಆಳವಾದ ಗೆರೆ ಕೊರೆದರೆ ಮಾತ್ರ ಅದು ಚಿಕ್ಕದು.

ನವಲೂರು_ಸವಾರ: ಎಲ್‌ನಲ್ಲಿ ಎಡಗಡೆ ಒಂದು ಬೆರಳು ದಪ್ಪದ ಮಡಿಕೆ ಬಿತ್ತು. ಎಂನಲ್ಲಿ ಪ್ಯಾಡ್ ಕದಲಲಿಲ್ಲ, ಬಟ್ಟೆಯೂ ತೆಳುವಾಗಲಿಲ್ಲ. ಆದರೆ ಹೊಟ್ಟೆಯ ಪಟ್ಟಿ ಬಾಗಿದಾಗಲೂ ಒತ್ತುತ್ತದೆ.

ಸಾಧನಕೇರಿ_ಪೆಡಲ್: ಹಾಗಾದರೆ ಎಂ ಸೈಜಿನದನ್ನೇ ಆರಿಸಿ, ಆದರೆ ಸೊಂಟದ ಪಟ್ಟಿಯಿಲ್ಲದ, ಭುಜಕ್ಕೆ ಪಟ್ಟಿ ಬರುವ ಬಿಬ್ ಶಾರ್ಟ್ಸ್ ಸಿಗುತ್ತದೆಯೇ ಎಂದು ಕೇಳಿ. ಬೆಲೆ ಹೆಚ್ಚಾಗುತ್ತದೆ.

ನವಲೂರು_ಸವಾರ: ಅಂಗಡಿಯವರು ಬಿಬ್ ಶಾರ್ಟ್ಸ್ ಬೆಂಗಳೂರಿನಿಂದ ಬರಬೇಕು, ಹಾಕಿ ನೋಡಿದ ಮೇಲೆ ವಾಪಸ್ಸಿಲ್ಲ ಎನ್ನುತ್ತಿದ್ದಾರೆ. ಯಾರ ಬಳಿಯಾದರೂ ಎಂ ಸೈಜಿನ ಬಿಬ್ ಇದ್ದು, ಎತ್ತರ 5 ಅಡಿ 10 ಅಂಗುಲದ ಆಸುಪಾಸಿನಲ್ಲಿದ್ದರೆ, ಭುಜದ ಪಟ್ಟಿ ಎಳೆಯುತ್ತದೆಯೇ ಎಂದು ದಯವಿಟ್ಟು ತಿಳಿಸಿ.

ಹಳಿಯಾಳ_ರಸ್ತೆ: ಸೀಟು ಇಳಿಸಿದಿರಾ?