ಬರಹಕ್ಕಿಳಿಸುವ ಕೆಲಸಕ್ಕೆ ಸಹಾಯಕರು: ನಿಮ್ಮ ಅನುಭವ ಹೇಳಿ

ಹೆಡ್‌ಫೋನ್: ಸಂದರ್ಶನಗಳ ಆಡಿಯೋ ಕೇಳಿ ಟೈಪ್ ಮಾಡಿಕೊಡೋದು ನನ್ನ ಕೆಲಸ. ಈಗ ಒಬ್ಬಳ ಕೈಲಿ ಆಗ್ತಿಲ್ಲ. ಹೊಸಬರನ್ನು ಇಟ್ಟುಕೊಂಡರೆ ದುಡ್ಡು ಹೇಗೆ ಕೊಡೋದು, ಕಲಿಸೋದು ಹೇಗೆ, ತಪ್ಪು ಹೋಗದ ಹಾಗೆ ನೋಡ್ಕೊಳ್ಳೋದು ಹೇಗೆ?

ಮರುಓದು: ಹುಡುಗನೊಬ್ಬನನ್ನು ಇಟ್ಟುಕೊಂಡಾಗ ಮೊದಲ ತಿಂಗಳು ಪೂರ್ತಿ ನಷ್ಟ. 40 ನಿಮಿಷದ ಫೈಲು ನಾನೇ ಮಾಡಿದ್ರೆ ಸುಮಾರು ಮೂರು ಗಂಟೆ. ಅವನು ಆರು ಗಂಟೆ ತಗೊಂಡ, ಅದನ್ನು ತಿದ್ದೋಕೆ ನನಗೆ ಎರಡೂವರೆ ಗಂಟೆ ಹೋಯ್ತು. ಅವನ ದುಡ್ಡೂ ಕೊಟ್ಟೆ, ನನ್ನ ಹೊತ್ತೂ ಹೆಚ್ಚೇನೂ ಉಳಿಯಲಿಲ್ಲ. ಆಮೇಲೆ ಗಿರಾಕಿಯ ಕೆಲಸ ಕೊಡೋದು ನಿಲ್ಲಿಸಿ, ನಾನು ಆಗಲೇ ಮುಗಿಸಿದ್ದ ಹಳೇ ಫೈಲು ಕೊಟ್ಟೆ. ಅವನದನ್ನೂ ನನ್ನದನ್ನೂ ವರ್ಡ್‌ನಲ್ಲಿ ಹೋಲಿಸಿದ್ರೆ ವ್ಯತ್ಯಾಸವೆಲ್ಲ ಬಣ್ಣದಲ್ಲಿ ಎದ್ದು ಕಾಣುತ್ತೆ. ಕಾಗುಣಿತ ದೊಡ್ಡ ಸಮಸ್ಯೆಯೇ ಅಲ್ಲ. ‘ಎಪ್ಪತ್ತು’ ಅಂದಿದ್ದು ‘ಇಪ್ಪತ್ತು’ ಆಗಿತ್ತು, ‘ಕೊಡ್ತೀನಿ ಅಂದಿಲ್ಲ’ ಅನ್ನೋದು ‘ಕೊಡ್ತೀನಿ ಅಂದ’ ಆಗಿತ್ತು. ಓದ್ತಾ ಹೋದ್ರೆ ಎರಡೂ ಸರಿಯಾಗೇ ಕಾಣುತ್ತೆ, ಆಡಿಯೋ ಕೇಳದೆ ಸಿಕ್ಕಲ್ಲ. ಈಗ ನಾನು ಇಡೀ ಫೈಲು ಕೇಳಲ್ಲ. ಅಂಕಿ, ಹೆಸರು, ಇಬ್ಬರು ಒಟ್ಟಿಗೆ ಮಾತಾಡೋ ಜಾಗ, ಮತ್ತೆ ಕೊನೇ ಹತ್ತು ನಿಮಿಷ ಕೇಳ್ತೀನಿ. ಸುಸ್ತಾದ ಕೈ ತಪ್ಪೋದು ಅಲ್ಲೇ. ದುಡ್ಡು ಆಡಿಯೋದ ನಿಮಿಷಕ್ಕೆ ಇಷ್ಟು ಅಂತ.

ಗಂಟೆಲೆಕ್ಕ: ನಿಮಿಷದ ಲೆಕ್ಕ ಅನ್ಯಾಯ ರೀ! ಗದ್ದಲದ ಫೈಲಿಗೂ ಸ್ಟುಡಿಯೋ ಫೈಲಿಗೂ ಒಂದೇ ದರನಾ? ನಾನೇ ಹಾಗೆ ದುಡಿದವಳು. ಕೇಳಿಸದ ಮಾತನ್ನು ಹತ್ತು ಸಲ ಹಿಂದಕ್ಕೆ ಹಾಕಿ ಕೇಳಿದ್ರೂ ಒಂದು ಪೈಸೆ ಹೆಚ್ಚು ಬರ್ತಿರಲಿಲ್ಲ. ಹಾಗಾದಾಗ ಜನ ಊಹೆ ಮಾಡಿ ಬರೀತಾರೆ. ಗಂಟೆಗೆ ಕೊಡಿ, ತಪ್ಪೇ ಇರಲ್ಲ.

ಮರುಓದು: ಗಂಟೆಗೆ ಕೊಟ್ಟರೂ ಊಹೆ ಮಾಡೋರು ಮಾಡೇ ಮಾಡ್ತಾರೆ ಮೇಡಂ. ‘[ಕೇಳಿಸುತ್ತಿಲ್ಲ 12:40]’ ಅಂತ ಸಮಯ ಹಾಕಿ ಬಿಟ್ಟರೆ ದುಡ್ಡು ಕಡಿಮೆ ಮಾಡಲ್ಲ ಅಂತ ಅವನಿಗೆ ಮೊದಲೇ ಹೇಳಿದೀನಿ. ಊಹೆ ನಿಂತಿದ್ದು ಅದರಿಂದ. ಗದ್ದಲದ ಫೈಲಿಗೆ ಒಂದೂವರೆ ಪಟ್ಟು ದರ.

ಗಂಟೆಲೆಕ್ಕ: ಗದ್ದಲ ಇದೆಯೋ ಇಲ್ಲವೋ ತೀರ್ಮಾನಿಸೋರು ಯಾರು? ನೀವೇ ತಾನೆ!

ಮರುಓದು: ಮೊದಲ ಐದು ನಿಮಿಷ ಇಬ್ಬರೂ ಕೂತು ಕೇಳಿ ತೀರ್ಮಾನಿಸ್ತೀವಿ. ಕೇಳದೆ ಆರೋಪ ಹೊರಿಸಬೇಡಿ.

ಒಂಟಿಕೈ: ದುಡ್ಡಿನ ಮಾತು ಬಿಡಿ. ನನ್ನ ಸಹಾಯಕಿ ಗಿರಾಕಿಯ ಫೈಲನ್ನು ತನ್ನ ಗೆಳತಿಗೆ ದಾಟಿಸಿದ್ದಳು. ಎರಡು ವರ್ಷದ ಗಿರಾಕಿ ಕೈಬಿಟ್ಟು ಹೋದ. ಬೇರೆಯವರ ಕೈಗೆ ಕೊಡಬಹುದಾ ಅಂತ ಗಿರಾಕಿಯನ್ನೇ ಬರಹದಲ್ಲಿ ಕೇಳಿ, ಆಮೇಲೆ ಮಿಕ್ಕಿದ್ದು. ನಾನಂತೂ ಮತ್ತೆ ಯಾರನ್ನೂ ಇಟ್ಟುಕೊಂಡಿಲ್ಲ.

ಹೆಡ್‌ಫೋನ್: ತಿದ್ದೋ ಹೊತ್ತು ಎಷ್ಟಕ್ಕೆ ಇಳಿದರೆ ಲಾಭ ಸರ್?

ಮರುಓದು: ಗಿರಾಕಿ ಕೊಟ್ಟಿದ್ದರಲ್ಲಿ ಸಹಾಯಕನ ದುಡ್ಡು ಕಳೆದು ಉಳಿದಿದ್ದನ್ನು ನೀವು ತಿದ್ದಿದ ಗಂಟೆಗೆ ಭಾಗಿಸಿ ನೋಡಿ. ನೀವೇ ಟೈಪ್ ಮಾಡಿದಾಗ ಗಂಟೆಗೆ ಸಿಗೋದಕ್ಕಿಂತ ಕಡಿಮೆ ಬಂದ್ರೆ ಲಾಭ ಇಲ್ಲ. ನಮ್ಮದು ಈಗ ಅದೇ 40 ನಿಮಿಷಕ್ಕೆ ಮುಕ್ಕಾಲು ಗಂಟೆಗೆ ಬಂದಿದೆ.

ಗಂಟೆಲೆಕ್ಕ: ಅವನಿಗೆ ಗಂಟೆಗೆ ಎಷ್ಟು ಬೀಳುತ್ತೆ ಅಂತ ಮಾತ್ರ ಈಗಲೂ ಹೇಳಲಿಲ್ಲ ನೀವು.