ಬಜೆಟ್ ಹಾಳೆಯ «ಹೆಡ್»ಗೆ ಯಾವ ಪದ? ಬಾಬ್ತು, ಶೀರ್ಷಿಕೆ, ಖಾತೆ... ಜೊತೆಗೆ «ಚದರ»ದ ಗೊಂದಲ

ಎಲ್ಲರಿಗೂ ನಮಸ್ಕಾರ,

ನನ್ನ ತಮ್ಮ ತುಮಕೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಖರ್ಚಿನ ಲೆಕ್ಕ ನನ್ನ ಪಾಲಿಗೆ ಬಂದಿದೆ. ಎಕ್ಸೆಲ್‌ನಲ್ಲಿ ಹಾಳೆ ಮಾಡಿ ಮನೆಯವರೆಲ್ಲರಿಗೂ ಕೊಟ್ಟೆ, ಯಾರು ದುಡ್ಡು ಕೊಟ್ಟರೋ ಅವರೇ ಬರೆಯಲಿ ಅಂತ. ಒಂದು ತಿಂಗಳಾದ ಮೇಲೆ ನೋಡಿದರೆ ಒಂದೇ ಖರ್ಚು ಮೂರು ಹೆಸರಲ್ಲಿತ್ತು. ತಮ್ಮ «ಪೇಂಟಿಂಗ್» ಅಂತ ಬರೆದಿದ್ದ, ಅಪ್ಪ «ಬಣ್ಣ» ಅಂತ, ನಾದಿನಿ «ಪೈಂಟು» ಅಂತ. ಒಟ್ಟು ಕೂಡುವ SUMIF ಸೂತ್ರಕ್ಕೆ ಗೊತ್ತಿದ್ದದ್ದು «ಪೇಂಟಿಂಗ್» ಒಂದೇ, ಉಳಿದ ಎರಡು ಲೆಕ್ಕಕ್ಕೇ ಬರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಟೈಲ್ಸ್‌ನದು. ಅಪ್ಪ ಪ್ರಮಾಣ 9 ಅಂತ ಬರೆದು ದರ 60 ರೂಪಾಯಿ ಹಾಕಿದ್ದರು, ಮೊತ್ತ 540 ಬಂದಿತ್ತು. ಅವರ ಮನಸ್ಸಿನಲ್ಲಿ ಇದ್ದದ್ದು 9 ಚದರ, ಅಂದರೆ 900 ಚದರ ಅಡಿ. ದರ ಮಾತ್ರ ಒಂದು ಚದರ ಅಡಿಯದು. ನಿಜವಾದ ಖರ್ಚು 54,000.

ಈಗ Data Validation ಹಾಕಿ, ಪಟ್ಟಿಯಿಂದಲೇ ಆರಿಸುವ ಹಾಗೆ ಮಾಡುತ್ತಿದ್ದೇನೆ. ಹಾಳೆ ಪೂರ್ತಿ ಕನ್ನಡದಲ್ಲೇ ಇರಬೇಕು, ಅಪ್ಪನಿಗೆ ಅದೇ ಸುಲಭ. ಹಾಗಾಗಿ ಮೂರು ಪ್ರಶ್ನೆ. ಖರ್ಚಿನ «ಹೆಡ್»ಗೆ ಏನು ಬರೆಯಲಿ? «ಯೂನಿಟ್»ಗೆ ಘಟಕ ಅನ್ನಬಹುದಾ? ತಪ್ಪು ಬರೆದಾಗ ಬರುವ ಎಚ್ಚರಿಕೆಯಲ್ಲಿ «ಅಸಿಂಧು ನಮೂದು» ಅಂತ ಹಾಕಿದ್ದೆ, ಅಪ್ಪ ಅದನ್ನು ಓದಿ «ನಾನೇನು ಕೋರ್ಟಿಗೆ ಹೋಗಬೇಕಾ» ಅಂದರು. ಬೇರೆ ಮಾತು ಇದೆಯಾ?

ಮೈಸೂರಿನಿಂದ, ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು:

ಮೇಡಂ, ಸರ್ಕಾರಿ ಬಳಕೆಯಲ್ಲಿ ಅದು ಲೆಕ್ಕಶೀರ್ಷಿಕೆ. ಆದರೆ ನಾವು ಪದ ನೋಡಿ ಬರೆಯುತ್ತಿರಲಿಲ್ಲ, ಸಂಖ್ಯೆ ನೋಡಿ ಬರೆಯುತ್ತಿದ್ದೆವು. 2202 ಅಂದರೆ ಸಾಮಾನ್ಯ ಶಿಕ್ಷಣ, 2210 ಅಂದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. ಸಂಖ್ಯೆಗೆ ಕಾಗುಣಿತದ ತಕರಾರಿಲ್ಲ ನೋಡಿ. ಮನೆ ಲೆಕ್ಕಕ್ಕೆ ಮಾತ್ರ ಶೀರ್ಷಿಕೆ ಭಾರವಾಯಿತು. ನಮ್ಮ ತಂದೆಯವರ ಜಮಾಖರ್ಚಿನ ಪುಸ್ತಕದಲ್ಲಿ «ಮದುವೆ ಬಾಬ್ತು», «ಕೊಟ್ಟಿಗೆ ಬಾಬ್ತು» ಅಂತ ಇರುತ್ತಿತ್ತು. ಯಾವ ಕಾರಣಕ್ಕೆ ಖರ್ಚಾಯಿತು ಅನ್ನುವುದು ಆ ಪದದಲ್ಲೇ ಇದೆ. ಬಾಬ್ತು ಬರೆಯಿರಿ.

ಬೆಂಗಳೂರಿನಿಂದ, ಕಾಮರ್ಸ್ ವಿದ್ಯಾರ್ಥಿ:

«ಖಾತೆ» ಸರಿ ಅಲ್ವಾ? ನಮ್ಮ ಪಾಠದಲ್ಲಿ ಎಲ್ಲಾ ಕಡೆ ಖಾತೆ ಅಂತಲೇ ಇದೆ. ಬಾಬ್ತು ಪದವನ್ನು ನಾನು ಕೇಳಿಯೇ ಇಲ್ಲ. ಇನ್ನು ಅಳತೆಯ ವಿಷಯ. ಪ್ರತಿ ಖರ್ಚಿಗೂ ಬೇರೆ ಬೇರೆ ಅಳತೆಯ ಪಟ್ಟಿ ಬರುವ ಹಾಗೆ INDIRECT ಬಳಸಿ. ಟೈಲ್ಸ್ ಆರಿಸಿದರೆ ಚದರ ಅಡಿ ಮಾತ್ರ ಕಾಣುತ್ತದೆ, ತಪ್ಪಾಗುವ ಮಾತೇ ಇಲ್ಲ.

ಶಿವಮೊಗ್ಗದಿಂದ, ಎಸ್ಟಿಮೇಟ್ ಮಾಡುವ ಇಂಜಿನಿಯರ್:

ಖಾತೆ ಅಂದರೆ ಅಕೌಂಟ್. ಕೊಡುವವರ, ತೆಗೆದುಕೊಳ್ಳುವವರ ಹೆಸರಲ್ಲೂ ಖಾತೆ ಇರುತ್ತದೆ, ಇಲ್ಲಿ ಗೊಂದಲವಾಗುತ್ತದೆ. INDIRECT ಕೆಲಸ ಮಾಡುತ್ತದೆ, ಆದರೆ ಒಂದು ತೊಂದರೆ ಇದೆ. ಮೊದಲು ಟೈಲ್ಸ್, ಚದರ ಅಡಿ ಆರಿಸಿ ಆಮೇಲೆ ಬಾಬ್ತನ್ನು ಸಿಮೆಂಟ್‌ಗೆ ಬದಲಾಯಿಸಿದರೆ ಚದರ ಅಡಿ ಹಾಗೇ ಉಳಿದುಬಿಡುತ್ತದೆ. ಎಕ್ಸೆಲ್ ಏನೂ ಹೇಳುವುದಿಲ್ಲ.

ನಾನು ಅಳತೆಯನ್ನು ಆರಿಸಲು ಬಿಡುವುದೇ ಇಲ್ಲ. Lists ಅನ್ನುವ ಬೇರೆ ಹಾಳೆಯಲ್ಲಿ ಎ ಕಾಲಂನಲ್ಲಿ ಬಾಬ್ತು, ಬಿ ಕಾಲಂನಲ್ಲಿ ಅದರ ಅಳತೆ ಬರೆದಿಡಿ. ಲೆಕ್ಕದ ಹಾಳೆಯಲ್ಲಿ ಬಿ ಕಾಲಂ ಬಾಬ್ತು, ಸಿ ಅಳತೆ, ಡಿ ಪ್ರಮಾಣ ಅಂತ ಇಟ್ಟುಕೊಳ್ಳಿ. ಬಿ ಕಾಲಂಗೆ Allow ನಲ್ಲಿ List, ಅದರ Source ಆಗಿ ಮೊದಲ ಸಾಲು:

```
=Lists!$A$2:$A$20
=IFERROR(VLOOKUP(B2,Lists!$A$2:$B$20,2,FALSE),"")
```

ಎರಡನೆಯದು ಸಿ ಕಾಲಂನ ಸೂತ್ರ. ಬಾಬ್ತು ಆರಿಸಿದ ತಕ್ಷಣ ಅಳತೆ ತಾನೇ ಬರುತ್ತದೆ, ಬಾಬ್ತು ಬದಲಾದರೆ ಅದೂ ಬದಲಾಗುತ್ತದೆ.

ಆದರೆ ನಿಮ್ಮ ತಂದೆಯವರ 9 ಇದರಿಂದಲೂ ನಿಲ್ಲುವುದಿಲ್ಲ. ಪಕ್ಕದಲ್ಲಿ ಚದರ ಅಡಿ ಅಂತ ಇದ್ದರೂ ಅಭ್ಯಾಸದಿಂದ 9 ಅಂತಲೇ ಬರೆಯುತ್ತಾರೆ. ಹಾಗಾಗಿ ಡಿ ಕಾಲಂಗೆ Custom ಆರಿಸಿ ಇದನ್ನು ಹಾಕಿ:

```
=OR($C2<>"ಚದರ ಅಡಿ",$D2>=50)
```

Error Alert ನಲ್ಲಿ Stop ಬೇಡ, Warning ಇಡಿ. ಬಚ್ಚಲಿನ ಗೋಡೆಗೆ 30 ಚದರ ಅಡಿ ಟೈಲ್ಸ್ ತಂದದ್ದು ನಿಜವೇ ಆಗಿರಬಹುದು, ಅದನ್ನು ತಡೆಯಬಾರದು, ಕೇಳಬೇಕು ಅಷ್ಟೆ. ಮೊದಲು ಬಾಬ್ತು, ಆಮೇಲೆ ಪ್ರಮಾಣ ಬರೆಯಲು ಹೇಳಿ. ಸಿ ಖಾಲಿ ಇರುವಾಗ ಈ ನಿಯಮ ಸುಮ್ನೆ ಬಿಟ್ಟುಬಿಡುತ್ತದೆ.

ಅಳತೆಗೆ ಘಟಕ ಬೇಡ. ಘಟಕ ಅಂದರೆ ನನಗೆ ಕಾರ್ಖಾನೆಯ ಘಟಕ, ಪಕ್ಷದ ಘಟಕ ನೆನಪಾಗುತ್ತದೆ. ಶಾಲೆಯ ವಿಜ್ಞಾನದಲ್ಲಿ ಏಕಮಾನ ಇದೆ, ಸರಿ, ಆದರೆ ಮೇಸ್ತ್ರಿ ಮುಂದೆ ಯಾರೂ ಏಕಮಾನ ಅನ್ನುವುದಿಲ್ಲ. ಅಳತೆ ಸಾಕು.

ಬೆಳಗಾವಿಯಿಂದ ಒಬ್ಬರು:

ನಮ್ಮ ಕಡೆ ಚದರ ಬಳಕೆ ಕಡಿಮೆ ರೀ, ಬ್ರಾಸ್ ಅಂತೀವಿ. ಉಸುಕು, ಖಡಿ ಎಲ್ಲಾ ಬ್ರಾಸ್ ಲೆಕ್ಕ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಫರಸಿ ಹಾಕೋರು ಮಾತ್ರ ಅದನ್ನೇ 100 ಚದರ ಅಡಿಗೂ ಹೇಳ್ತಾರೆ. ಒಂದೇ ಪದ, ಎರಡು ಅಳತೆ. ಇದಕ್ಕೆ ಪಟ್ಟಿಯಲ್ಲಿ ಏನು ಬರೀಬೇಕು? ನಂದು ಅದೇ ಸಮಸ್ಯೆ ಆಗೇತಿ.

ಹಾಸನದಿಂದ, ಡಿಟಿಪಿ ಮಾಡುವವರು:

ಹಾಳೆಗೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದರೆ ಆಗಲ್ವಾ? ಇನ್ನೊಂದು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ತಂದು ಹಾಕಬೇಡಿ. ಸೆಲ್‌ನಲ್ಲಿ ಚೆನ್ನಾಗಿ ಕನ್ನಡ ಕಾಣುತ್ತದೆ, ಬಾಣ ಒತ್ತಿದರೆ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪಟ್ಟಿ ತೆರೆದುಕೊಳ್ಳುವುದು ಸೆಲ್‌ನ ಫಾಂಟಿನಲ್ಲಿ ಅಲ್ಲ. ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ನಾನು ಒಂದು ದಿನ ಪೂರ್ತಿ ಇದರಲ್ಲಿ ಕಳೆದಿದ್ದೇನೆ.

ಮತ್ತೆ ನಾನು, ತುಮಕೂರಿನಿಂದ:

ಎಲ್ಲರಿಗೂ ಧನ್ಯವಾದ. ಮೇಡಂ ಅಂದ ಹಿರಿಯರಿಗೆ ವಿಶೇಷವಾಗಿ, «ಬಾಬ್ತು» ಅಂದ ಕೂಡಲೇ ಅಪ್ಪನ ಮುಖ ಅರಳಿತು, «ಇದು ನಮ್ಮಪ್ಪ ಬರೀತಿದ್ದ ಪದ» ಅಂದರು. ತಮ್ಮನಿಗೆ ಮಾತ್ರ ಅದು ಹೊಸದು, ಅವನು «ಖರ್ಚಿನ ಬಗೆ» ಅನ್ನುತ್ತಾನೆ. ಸದ್ಯಕ್ಕೆ ಬಾಬ್ತು ಇಟ್ಟಿದ್ದೇನೆ.

ಹಾಸನದವರೇ, ಲಾಕ್ ಮಾಡಿದರೆ ಸಿ ಕಾಲಂನ ಸೂತ್ರ ಉಳಿಯುತ್ತದೆ ನಿಜ, ಆದರೆ ಬರೆಯುವ ಜಾಗ ತೆರೆದಿರಲೇಬೇಕಲ್ಲ, ತಪ್ಪು ಬರುವುದು ಅಲ್ಲೇ. ನಿನ್ನೆ ಹಾಗೇ ಆಯಿತು. ನಾದಿನಿ ಬೇರೆ ಹಾಳೆಯಿಂದ ಹತ್ತು ಸಾಲು ಕಾಪಿ ಮಾಡಿ ಪೇಸ್ಟ್ ಮಾಡಿದಳು. ಎಚ್ಚರಿಕೆಯೂ ಬರಲಿಲ್ಲ, ಆ ಸೆಲ್‌ಗಳ ನಿಯಮವೂ ಅಳಿಸಿಹೋಯಿತು. ಸೆಲ್ ಮೇಲೆ ಕ್ಲಿಕ್ ಮಾಡಿದರೆ ಬಾಣ ಕಾಣಲಿಲ್ಲ, ಅದರಿಂದ ಗೊತ್ತಾಯಿತು. ಮೇಲಿನ ಸಾಲಿನಿಂದ ನಿಯಮವನ್ನು ಮಾತ್ರ Paste Special ನಲ್ಲಿ Validation ಆರಿಸಿ ತಂದೆ, ಆಮೇಲೆ Circle Invalid Data ಒತ್ತಿದೆ. ಪಟ್ಟಿಯಲ್ಲಿ ಇಲ್ಲದ ನಾಲ್ಕು ಬಾಬ್ತುಗಳ ಸುತ್ತ ಕೆಂಪು ಸುತ್ತು ಬಂತು. ನಿಯಮ ಹಾಕುವ ಮುಂಚೆ ಬರೆದ ಹಳೆಯ ತಪ್ಪುಗಳೂ ಹೀಗೇ ಸಿಕ್ಕವು.

ಎಚ್ಚರಿಕೆಯ ಮಾತು ಈಗ ಹೀಗಿದೆ: «ಇಲ್ಲಿ ಚದರ ಅಡಿಯಲ್ಲಿ ಬರೆಯಬೇಕು. 9 ಚದರ ಆದರೆ 900 ಅಂತ ಬರೆಯಿರಿ. ನಿಜವಾಗಲೂ ಇಷ್ಟೇನಾ?» ಅಸಿಂಧು ಪದ ತೆಗೆದೆ. ಜಾತಿ ಸಿಂಧುತ್ವ ಪ್ರಮಾಣಪತ್ರದಲ್ಲಿ ಅದು ಇರಲಿ.

ಬೆಳಗಾವಿಯವರೇ, ನನ್ನ ಊಹೆಯಲ್ಲಿ ಪಟ್ಟಿಯಲ್ಲಿ ಬ್ರಾಸ್ ಪದವನ್ನೇ ಬಿಟ್ಟು, ಉಸುಕಿಗೆ «100 ಘನ ಅಡಿ», ಫರಸಿಗೆ «100 ಚದರ ಅಡಿ» ಅಂತ ಬರೆಯಬಹುದು. ಆದರೆ ಊರಿನ ಮಾತನ್ನು ಪಟ್ಟಿಯಿಂದ ತೆಗೆದರೆ ಬರೆಯುವವರಿಗೆ ಕಷ್ಟ ಅನ್ನಿಸೀತು. ಮತ್ತೆ ನನ್ನದೂ ಒಂದು ಉಳಿದಿದೆ. ಎಂ ಸ್ಯಾಂಡ್ ಕೆಲವೊಮ್ಮೆ ಟನ್ ಲೆಕ್ಕದಲ್ಲಿ ಬರುತ್ತದೆ, ಕೆಲವೊಮ್ಮೆ «ಒಂದು ಲೋಡ್» ಅಂತ ಬರುತ್ತದೆ. ಲೋಡ್ ಅನ್ನುವುದು ಅಳತೆಯೇ ಅಲ್ಲ, ಲಾರಿ ಬದಲಾದರೆ ಅದೂ ಬದಲಾಗುತ್ತದೆ. ಅದನ್ನು ಪಟ್ಟಿಯಲ್ಲಿ ಇಡಬೇಕಾ ಬೇಡವಾ, ಇಂಜಿನಿಯರ್ ಸರ್ ಹೇಳಬೇಕು.