ಎಲ್ಲದಕ್ಕೂ ‘ಆಯ್ತು’ ಎನ್ನುವುದು ಒಳ್ಳೆಯತನವೇ, ಭಯವೇ?

ಪ್ರಶ್ನೆ: ನನಗೆ 34 ವರ್ಷ, ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಪಕ್ಕದ ಮೇಜಿನವರು ತಿಂಗಳ ಕೊನೆಗೆ ನಮ್ಮ ಪುಸ್ತಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆಯಾಗದ ಬ್ಯಾಂಕ್ ರೀಕನ್ಸಿಲಿಯೇಷನ್ ತಂದಿಡುತ್ತಾರೆ. ಆಗದು ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ನನ್ನ ಬಾಯಿ ‘ಆಯ್ತು’ ಎಂದಿರುತ್ತದೆ, ಸಂಜೆ ಕುಳಿತು ಸರಿಪಡಿಸುತ್ತೇನೆ. ಚಿಕ್ಕಂದಿನಲ್ಲಿ ಅಪ್ಪ ಕುಡಿದು ಬರುತ್ತಿದ್ದರು. ಸ್ಕೂಟರಿನ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಅಂದಿನ ರಾತ್ರಿ ಹೇಗಿರುತ್ತದೆಂದು ನನಗೆ ತಿಳಿಯುತ್ತಿತ್ತು. ನನ್ನನ್ನು ಎಲ್ಲರೂ ಬಹಳ ಒಳ್ಳೆಯವಳು ಎನ್ನುತ್ತಾರೆ. ಇದು ನಿಜವಾಗಿ ಒಳ್ಳೆಯತನವೇ?

ಸದಸ್ಯರು, ಮಾರಾಟ ವಿಭಾಗದ ಉದ್ಯೋಗಿ: ಇದು ಆತ್ಮವಿಶ್ವಾಸದ ಕೊರತೆ, ಮತ್ತೇನೂ ಅಲ್ಲ. ಕನ್ನಡಿಯ ಮುಂದೆ ನಿಂತು ‘ಆಗುವುದಿಲ್ಲ’ ಎಂದು ಹೇಳಿ ರೂಢಿ ಮಾಡಿಕೊಳ್ಳಿ, ನಾಳೆಯಿಂದಲೇ ಎಲ್ಲರಿಗೂ ಖಡಾಖಂಡಿತವಾಗಿ ಹೇಳಿಬಿಡಿ.

ಚಿಕಿತ್ಸಾ ಮನೋವಿಜ್ಞಾನಿ: ಮಾತನ್ನು ಮೊದಲೇ ಬಾಯಿಗೆ ರೂಢಿ ಮಾಡಿಕೊಳ್ಳಬೇಕೆಂಬ ಸಲಹೆ ಒಳ್ಳೆಯದೇ. ಆದರೆ ನಾಳೆಯಿಂದಲೇ ಎಲ್ಲರಿಗೂ ಎಂದು ಹೊರಟವರು ಸಾಮಾನ್ಯವಾಗಿ ಒಂದು ವಾರದೊಳಗೆ ಹಳೆಯ ಜಾಗಕ್ಕೇ ಮರಳುತ್ತಾರೆ, ಏಕೆಂದರೆ ಇಲ್ಲಿರುವುದು ಧೈರ್ಯದ ಕೊರತೆಗಿಂತ ಹೆಚ್ಚಾಗಿ ಬಹಳ ಚೆನ್ನಾಗಿ ಕಲಿತ ಒಂದು ಪಾಠ.

ಸ್ಕೂಟರಿನ ಸದ್ದನ್ನು ಅಷ್ಟು ನಿಖರವಾಗಿ ಓದಬಲ್ಲ ಮಗುವಿನ ಮುಂದೆ ದಾರಿಗಳು ಹೆಚ್ಚಿರುವುದಿಲ್ಲ. ಅದು ಎದುರಿಸಿ ನಿಲ್ಲಲಾರದು, ಮನೆ ಬಿಟ್ಟು ಹೋಗಲಾರದು. ಭಯ ಹುಟ್ಟಿಸುವವರೂ ಅನ್ನ ಹಾಕುವವರೂ ಒಬ್ಬರೇ. ಉಳಿಯುವುದು ಅವರನ್ನು ತಣ್ಣಗಿಡುವ ದಾರಿ: ಕೇಳುವ ಮೊದಲೇ ತಟ್ಟೆ ಹಾಕುವುದು, ತಮ್ಮನನ್ನು ಸುಮ್ಮನಾಗಿಸುವುದು, ಮಾರ್ಕ್ಸ್ ಕಾರ್ಡಿಗೆ ಸಹಿ ಕೇಳುವುದನ್ನು ಬೆಳಗಿಗೆ ಮುಂದೂಡುವುದು. ಅದು ಫಲಿಸಿದ ರಾತ್ರಿ ಸಿಗುವ ನಿರಾಳತೆಯೇ ಆ ನಡವಳಿಕೆಯನ್ನು ಗಟ್ಟಿ ಮಾಡುತ್ತದೆ. ಫಲಿಸದ ರಾತ್ರಿ, ತಾನು ಮಾಡಿದ್ದು ಸಾಲಲಿಲ್ಲವೆಂದು ಮಗು ತಿಳಿದುಕೊಳ್ಳುತ್ತದೆ, ಮರುದಿನ ಇನ್ನಷ್ಟು ಎಚ್ಚರ ವಹಿಸುತ್ತದೆ. ಹಂಗೇರಿಯ ಮನೋವಿಶ್ಲೇಷಕ ಶಾಂಡೋರ್ ಫೆರೆಂಜಿ 1932ರಲ್ಲೇ ಇದನ್ನು ಗುರುತಿಸಿದ್ದರು: ಭಯ ಮಿತಿಮೀರಿದಾಗ ಮಗು ತನ್ನನ್ನೇ ಮರೆತು, ಎದುರಿರುವವರ ಇಚ್ಛೆಯನ್ನು ಊಹಿಸಿ ಅದರಂತೆ ನಡೆಯತೊಡಗುತ್ತದೆ. ಇದು ಕಾಯಿಲೆಯ ಹೆಸರಲ್ಲ, ರೋಗನಿರ್ಣಯದ ಪಟ್ಟಿಯಲ್ಲಿ ನೀವಿದನ್ನು ಕಾಣಲಾರಿರಿ.

ಆ ಮನೆ ಬಿಟ್ಟ ಮೇಲೂ ಇದು ಏಕೆ ಉಳಿಯುತ್ತದೆ ಎಂಬುದನ್ನು ನಿಮ್ಮ ಮೇಜಿನ ಬಳಿಯೇ ನೋಡಬಹುದು. ಸಹೋದ್ಯೋಗಿ ಬಂದು ನಿಂತಾಗ ಎದೆ ಬಿಗಿಯುತ್ತದೆ, ‘ಆಯ್ತು’ ಎಂದೊಡನೆ ಸಡಿಲವಾಗುತ್ತದೆ. ನೀವು ಅಂಜಿದ ಸಿಟ್ಟು ಸಿಡಿಯಲಿಲ್ಲವಾದ್ದರಿಂದ ಆ ಮಾತೇ ನಿಮ್ಮನ್ನು ಕಾಪಾಡಿತೆಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಒಪ್ಪದಿದ್ದರೂ ಅವರು ಸಿಡಿಯುತ್ತಿರಲಿಲ್ಲ ಎಂಬುದನ್ನು ತಿಳಿಯುವ ಅವಕಾಶ ಮಾತ್ರ ಒಮ್ಮೆಯೂ ಬರುವುದಿಲ್ಲ.

ಇನ್ನು ಒಳ್ಳೆಯತನದ ಮಾತು. ಮಾಡಿದ ಕೆಲಸವನ್ನಷ್ಟೇ ನೋಡಿದರೆ ವ್ಯತ್ಯಾಸ ಕಾಣದು, ಗಮನ ಎಲ್ಲಿತ್ತು ಎಂದು ನೋಡಬೇಕು. ಸಹೋದ್ಯೋಗಿಯ ಅಗತ್ಯದ ಮೇಲೆ ಗಮನವಿದ್ದಿದ್ದರೆ, ಎರಡನೆಯ ತಿಂಗಳೇ ಅವರನ್ನು ಕೂರಿಸಿಕೊಂಡು, ಕೊಟ್ಟರೂ ಇನ್ನೂ ನಗದಾಗದ ಚೆಕ್ಕುಗಳು ಯಾವುವು, ಬ್ಯಾಂಕು ಕಡಿತ ಮಾಡಿಯೂ ನಮ್ಮ ಪುಸ್ತಕಕ್ಕೆ ಬಾರದ ಶುಲ್ಕ ಯಾವುದು ಎಂದು ತೋರಿಸುತ್ತಿದ್ದಿರಿ. ಅದರಿಂದ ಅವರಿಗೆ ಮುಜುಗರವಾಗುತ್ತಿತ್ತೇನೋ. ಎದುರಿನವರ ಒಂದಿಷ್ಟು ಅಸಮಾಧಾನವನ್ನು ಕರುಣೆ ತಾಳಿಕೊಳ್ಳಬಲ್ಲದು. ನೀವು ಸದ್ದಿಲ್ಲದೆ ತಿದ್ದಿದ್ದರಿಂದ ಅವರ ಮುಖವೇನೋ ನಗುತ್ತಲೇ ಉಳಿಯಿತು, ಕೆಲಸ ಮಾತ್ರ ಅವರಿಗೆ ಇಂದಿಗೂ ಬರುವುದಿಲ್ಲ. ಹೀಗೆ ಹೇಳುವುದು ಒರಟೆನಿಸಬಹುದು, ಆದರೂ ಹೇಳುವುದು ಮೇಲು. ದಣಿವನ್ನು ಮಾತ್ರ ಗುರುತಾಗಿ ಹಿಡಿಯಬೇಡಿ. ಕಾಯಿಲೆಯವರನ್ನು ಪ್ರೀತಿಯಿಂದ ನೋಡಿಕೊಳ್ಳುವವರೂ ದಣಿಯುತ್ತಾರೆ. ಆ ಕ್ಷಣದಲ್ಲಿ ‘ಆಗದು’ ಎನ್ನುವ ಆಯ್ಕೆ ನಿಮ್ಮ ಕೈಯಲ್ಲಿತ್ತೇ ಎಂದು ಕೇಳಿಕೊಳ್ಳಿ.

ಸದಸ್ಯರು, ನಿವೃತ್ತ ಶಿಕ್ಷಕರು, ಧಾರವಾಡ: ಹಾಗಾದರೆ ಮನೆಗೆ ಬಂದವರಿಗೆ ಬೇಡವೆಂದರೂ ಇನ್ನೊಂದು ರೊಟ್ಟಿ ಬಡಿಸುವುದೂ ಭಯವೇ? ಹಿರಿಯರ ಮಾತಿಗೆ ಎದುರಾಡದೆ ಬೆಳೆದವರು ನಾವು. ಎಲ್ಲ ಸಜ್ಜನಿಕೆಗೂ ಇಂಥ ಒಂದು ಕಾರಣ ಹುಡುಕುವುದು ನನಗೇಕೋ ಸರಿ ಕಾಣುವುದಿಲ್ಲ.

ಚಿಕಿತ್ಸಾ ಮನೋವಿಜ್ಞಾನಿ: ಇಲ್ಲ ಸರ್, ಉಪಚಾರದ ಬಗ್ಗೆ ನಾನು ಹೇಳಿದ್ದಲ್ಲ. ಅತಿಥಿ ರೊಟ್ಟಿ ಬೇಡವೆಂದಾಗ ನಕ್ಕು ಬುಟ್ಟಿ ಒಳಗಿಡುವವರು ಮನಸಾರೆ ಬಡಿಸಿದವರು. ಅತಿಥಿಗೆ ಬೇಸರವಾಯಿತೇ ಎಂದು ರಾತ್ರಿಯೆಲ್ಲ ನಿದ್ದೆಗೆಡುವವರ ವಿಷಯ ಬೇರೆ.

ನಿವೃತ್ತ ಶಿಕ್ಷಕರು: ಹಾಗೆ ನಿದ್ದೆಗೆಡುವ ಗೃಹಿಣಿಯರು ನಮ್ಮ ಕಡೆ ಬಹಳ ಮಂದಿ ಇದ್ದಾರೆ, ಮೇಡಂ. ಅವರನ್ನೆಲ್ಲ ಭಯಸ್ಥರೆನ್ನಲು ನಾನು ಸಿದ್ಧನಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲಿಂದ ಆರಂಭಿಸಲಿ, ಮೇಡಂ? ಇನ್ನೊಂದು ಮಾತು, ಅದೇ ಮನೆಯಲ್ಲಿ ಬೆಳೆದ ನನ್ನ ತಂಗಿ ಅಪ್ಪನಿಗೆ ಎದುರುತ್ತರ ಕೊಡುತ್ತಿದ್ದಳು.

ಚಿಕಿತ್ಸಾ ಮನೋವಿಜ್ಞಾನಿ: ತಂಗಿಯ ವಿಷಯಕ್ಕೆ ಒಂದೇ ಕಾರಣ ಕೊಡಲಾಗದು. ಹುಟ್ಟುಸ್ವಭಾವವೂ ಇರಬಹುದು, ನೀವು ಮುಂದೆ ನಿಂತು ತಡೆದಿದ್ದರಿಂದ ಅವರಿಗೆ ಎದುರಾಡುವಷ್ಟು ಜಾಗ ಸಿಕ್ಕಿದ್ದೂ ಇರಬಹುದು.

ಆರಂಭಿಸುವುದು ‘ಇಲ್ಲ’ದಿಂದಲ್ಲ, ತಡಮಾಡುವುದರಿಂದ. ಮುಂದಿನ ತಿಂಗಳ ಕೊನೆಗೆ ಮೊದಲೇ ಒಂದು ಚೀಟಿಯಲ್ಲಿ ನಿಮ್ಮ ಅಂಜಿಕೆಯನ್ನು ಬರೆದಿಡಿ. ಉದಾಹರಣೆಗೆ, ‘ರೇಗುತ್ತಾರೆ, ಮ್ಯಾನೇಜರಿಗೆ ಹೇಳುತ್ತಾರೆ, ಮಾತು ಬಿಡುತ್ತಾರೆ’ ಎಂದು ಬರೆದು, ಪ್ರತಿಯೊಂದೂ ನಡೆಯುತ್ತದೆಂಬ ನಂಬಿಕೆ ನೂರಕ್ಕೆ ಎಷ್ಟೆಂದು ಪಕ್ಕದಲ್ಲಿ ಹಾಕಿ. ಅವರು ಬಂದಾಗ ‘ಕೈಯಲ್ಲಿ ಕೆಲಸವಿದೆ, ನಾಲ್ಕು ಗಂಟೆಗೆ ಹೇಳುತ್ತೇನೆ’ ಎಂದಷ್ಟೇ ಹೇಳಿ. ಅದಕ್ಕೆ ಕ್ಷಮೆ, ತಲೆನೋವು, ಮಗನ ಪರೀಕ್ಷೆ ಯಾವುದನ್ನೂ ಸೇರಿಸಬೇಡಿ. ಸೇರಿಸಿದರೆ, ಏನೂ ಆಗದಿದ್ದಾಗ ಆ ನೆಪವೇ ಕಾಪಾಡಿತೆಂದು ಮನಸ್ಸು ಮತ್ತೆ ನಂಬುತ್ತದೆ. ಸಂಜೆ ನಿಜವಾಗಿ ನಡೆದದ್ದನ್ನು ಅದೇ ಚೀಟಿಯಲ್ಲಿ ಬರೆಯಿರಿ. ಹೀಗೆ ಕೆಲವು ಸಲ ಮಾಡಿದ ಮೇಲೆ ಅರ್ಧ ಸಹಾಯ, ಅಂದರೆ ತಪ್ಪೆಲ್ಲಿದೆಯೆಂದು ತೋರಿಸಿ ತಿದ್ದುವುದನ್ನು ಅವರಿಗೇ ಬಿಡುವುದು. ‘ಈ ಸಲ ಆಗುವುದಿಲ್ಲ’ ಎನ್ನುವುದು ಆಮೇಲೆ. ಮೊದಮೊದಲು ತಪ್ಪು ಮಾಡಿದೆನೆಂಬ ಭಾವ ಬಲವಾಗಿ ಕಾಡುತ್ತದೆ, ಅಷ್ಟರಿಂದಲೇ ತಪ್ಪು ಮಾಡಿದಿರೆಂದಾಗುವುದಿಲ್ಲ.

ಸದಸ್ಯೆ, ಹೆಸರು ಬೇಡವೆಂದವರು: ನಾನೂ ಹೀಗೆಯೇ. ಆದರೆ ನನ್ನ ಗಂಡ ಮಾತು ಮೀರಿದರೆ ಕೈ ಮಾಡುತ್ತಾರೆ. ಈ ಚೀಟಿಯ ಅಭ್ಯಾಸವನ್ನು ಮನೆಯಲ್ಲಿ ಮಾಡಬಹುದೇ?

ಚಿಕಿತ್ಸಾ ಮನೋವಿಜ್ಞಾನಿ: ದಯವಿಟ್ಟು ಬೇಡ. ಮೇಲೆ ಹೇಳಿದ್ದು ಅಪಾಯ ಮುಗಿದರೂ ಭಯ ಉಳಿದವರಿಗೆ. ನಿಮ್ಮ ಅಪಾಯ ಇಂದಿನದು, ಅಲ್ಲಿ ನೀವು ಹೊಂದಿಕೊಂಡು ಹೋಗುತ್ತಿರುವುದು ಪೆಟ್ಟು ತಪ್ಪಿಸಿಕೊಳ್ಳುವ ಜಾಣತನವೂ ಆಗಿರಬಹುದು. ಬೇರೆ ಆಸರೆ ಸಿಗುವ ಮೊದಲು ಅದನ್ನು ಕೈಬಿಡಬೇಡಿ. ಅವರ ಕಣ್ಣಿಗೆ ಬೀಳದ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ನೆರವನ್ನೂ ನೀವು ಕೇಳಬಹುದು. ಮನಸ್ಸು ತಡೆಯದಾದಾಗ ಮಾತನಾಡಲು ಟೆಲಿ ಮಾನಸ್ 14416 ಇದೆ. ನನಗೆ ಪ್ರತ್ಯೇಕವಾಗಿಯೂ ಬರೆಯಬಹುದು.

ಪ್ರಶ್ನೆ ಕೇಳಿದವರು, ತಿಂಗಳ ಕೊನೆಯಲ್ಲಿ: ನಾಲ್ಕು ಗಂಟೆಗೆ ಹೇಳುತ್ತೇನೆ ಎಂದೆ. ಅವರು ರೇಗಲಿಲ್ಲ, ಮ್ಯಾನೇಜರ್ ಬಳಿಗೂ ಹೋಗಲಿಲ್ಲ. ಮುಖ ಮಾತ್ರ ಸಪ್ಪಗಾಯಿತು, ಮಧ್ಯಾಹ್ನ ಊಟಕ್ಕೆ ಕರೆಯದೆ ಹೋದರು. ಸಂಜೆಯವರೆಗೂ ನನಗೆ ಹೊಟ್ಟೆಯೊಳಗೆ ಸಂಕಟ. ನಾಳೆ ಅವರಿಗಿಷ್ಟವಾದ ಪುಳಿಯೋಗರೆ ಮಾಡಿಕೊಂಡು ಹೋಗೋಣ ಅನಿಸುತ್ತಿದೆ.

ಚಿಕಿತ್ಸಾ ಮನೋವಿಜ್ಞಾನಿ: ಮೂರರಲ್ಲಿ ಒಂದು ಅಂಜಿಕೆ ಅರ್ಧದಷ್ಟು ನಿಜವಾಯಿತು, ಅದನ್ನೂ ಹಾಗೆಯೇ ಬರೆಯಿರಿ. ನಾಳೆ ಪುಳಿಯೋಗರೆ ಬೇಡ. ಆ ಸಪ್ಪೆ ಮುಖ ತಾನಾಗಿ ಎಷ್ಟು ದಿನಕ್ಕೆ ತಿಳಿಯಾಗುತ್ತದೆ ಎಂಬುದನ್ನು ನೀವು ಇದುವರೆಗೆ ನೋಡಿಯೇ ಇಲ್ಲ. ಈ ಸಲ ನೋಡಿ, ಚೀಟಿಯಲ್ಲಿ ಆ ದಿನಾಂಕ ಬರೆದ ಮೇಲೆ ಬೇಕೆನಿಸಿದರೆ ಮಾಡಿಕೊಂಡು ಹೋಗಿ.